ನೀರು ಬದಲಾದಾಗ ಡಿಶ್‌ವಾಷರಿನ ಉಪ್ಪಿನ ಲೆಕ್ಕ

ಡಿಶ್‌ವಾಷರಿನ ಕೆಳಗಿನ ಬುಟ್ಟಿಯನ್ನು ಹೊರಗೆ ತೆಗೆದರೆ ತಳದಲ್ಲಿ ಒಂದು ದುಂಡನೆಯ ತಿರುಪು ಮುಚ್ಚಳ ಕಾಣುತ್ತದೆ. ಅದರ ಕೆಳಗಿರುವುದು ಉಪ್ಪಿನ ತೊಟ್ಟಿ. ತೊಟ್ಟಿಗೆ ಅಂಟಿಕೊಂಡಂತೆ, ಹೊರಗೆ ಕಾಣದ ಜಾಗದಲ್ಲಿ, ನೀರನ್ನು ಮೆದುಗೊಳಿಸುವ ಸಾಫ್ಟನರ್ ಇದೆ. ನಲ್ಲಿಯಿಂದ ಬಂದ ನೀರು ಪಾತ್ರೆ ಮುಟ್ಟುವ ಮೊದಲು ಈ ಸಾಫ್ಟನರನ್ನು ಹಾದು ಬರುತ್ತದೆ. ನೀರು ಎಷ್ಟು ಗಡಸು ಎಂಬುದು ಬಹುತೇಕ ಯಂತ್ರಗಳಿಗೆ ತಾನಾಗಿ ತಿಳಿಯುವುದಿಲ್ಲ. ಮನೆಯವರು ಅಥವಾ ಯಂತ್ರ ಕೂರಿಸಲು ಬಂದ ಮೆಕ್ಯಾನಿಕ್ ಹೇಳಿಕೊಟ್ಟ ಅಂಕಿಯನ್ನೇ ಅದು ನಂಬುತ್ತದೆ. ಮನೆ ಬದಲಾಯಿಸಿ, ಹೊಸ ಜಾಗದಲ್ಲಿ ಪೈಪು ಜೋಡಿಸಿ ಸ್ವಿಚ್ ಹಾಕಿದಾಗ ಯಂತ್ರ ಹಳೆಯ ಊರಿನ ನೀರಿನ ಲೆಕ್ಕದಲ್ಲೇ ಕೆಲಸ ಮುಂದುವರಿಸುತ್ತದೆ. ಒಂದೆರಡು ವಾರದಲ್ಲಿ ಗಾಜಿನ ಲೋಟಗಳು ಮಸುಕಾಗತೊಡಗಿದಾಗ ದೂರು ಹೋಗುವುದು ಮಾತ್ರ ತೊಳೆಯುವ ಪುಡಿಯ ಮೇಲೆ.

ಸಾಫ್ಟನರಿನ ಒಳಗೆ ಸಾಸಿವೆಗಿಂತ ಚಿಕ್ಕದಾದ ರೆಸಿನ್ ಮಣಿಗಳು ತುಂಬಿರುತ್ತವೆ. ಈ ಮಣಿಗಳ ಮೈಯಲ್ಲಿ ಸೋಡಿಯಂ ಅಯಾನುಗಳು ಅಂಟಿಕೊಂಡಿರುತ್ತವೆ. ನೀರನ್ನು ಗಡಸಾಗಿಸುವುದು ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಶಿಯಂ. ಗಡಸು ನೀರು ಹಾದುಹೋಗುವಾಗ ಮಣಿಗಳು ಇವೆರಡನ್ನು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ಸೋಡಿಯಂ ಬಿಸಿ ನೀರಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಸೋಪಿನೊಂದಿಗೆ ಸೇರಿ ಕೊಳೆಯಾಗುವುದೂ ಇಲ್ಲ. ಆದರೆ ಮಣಿಗಳ ಮೈ ಅಪಾರವಲ್ಲ. ಒಂದಿಷ್ಟು ನೀರು ಹರಿದ ಮೇಲೆ ಅವು ಕ್ಯಾಲ್ಸಿಯಂನಿಂದ ತುಂಬಿಹೋಗುತ್ತವೆ. ಆಗ ಯಂತ್ರ ಉಪ್ಪಿನ ತೊಟ್ಟಿಯ ಗಾಢ ಉಪ್ಪುನೀರನ್ನು ಮಣಿಗಳ ಮೇಲೆ ಹರಿಸುತ್ತದೆ. ಅಷ್ಟೊಂದು ಸೋಡಿಯಂ ಒಟ್ಟಿಗೆ ನುಗ್ಗಿ ಬಂದಾಗ ಕ್ಯಾಲ್ಸಿಯಂ ಜಾಗ ಬಿಟ್ಟುಕೊಟ್ಟು ಕೊಳಚೆ ಪೈಪಿನಲ್ಲಿ ಹೊರಟುಹೋಗುತ್ತದೆ. ಇದಕ್ಕೆ ಪುನಶ್ಚೇತನ ಎನ್ನುತ್ತಾರೆ. ಉಪ್ಪು ಪಾತ್ರೆ ತೊಳೆಯುವುದಕ್ಕಲ್ಲ, ಈ ಮಣಿಗಳನ್ನು ತೊಳೆಯುವುದಕ್ಕೆ.

ಗಡಸುತನದ ಸೆಟ್ಟಿಂಗ್ ನಿರ್ಧರಿಸುವುದು ಪುನಶ್ಚೇತನ ಎಷ್ಟು ಬೇಗ ಬೇಗ ನಡೆಯಬೇಕು ಎಂಬುದನ್ನು. ಅಂಕಿ ಇರಬೇಕಾದ್ದಕ್ಕಿಂತ ಕಡಿಮೆ ಇದ್ದರೆ ಮಣಿಗಳು ತುಂಬಿಹೋದ ಮೇಲೂ ಯಂತ್ರ ಕಾಯುತ್ತಲೇ ಇರುತ್ತದೆ. ಆ ನಡುವಿನ ತೊಳೆತಗಳಿಗೆಲ್ಲ ಗಡಸು ನೀರೇ ಸಿಗುತ್ತದೆ. ತೊಟ್ಟಿಯಲ್ಲಿ ಉಪ್ಪು ತುಂಬಿ ತುಳುಕುತ್ತಿದ್ದರೂ ಬಿಳಿ ಕಲೆ ಬರುವುದು ಇದೇ ಕಾರಣಕ್ಕೆ. ಅಂಕಿ ಹೆಚ್ಚಾಗಿದ್ದರೆ ಮಣಿಗಳು ಅರ್ಧ ತುಂಬುವ ಮೊದಲೇ ಪುನಶ್ಚೇತನ ನಡೆದು ಉಪ್ಪೂ ನೀರೂ ಚರಂಡಿ ಸೇರುತ್ತವೆ. ಮೊದಲನೆಯ ತಪ್ಪಿನಿಂದ ಯಂತ್ರ ಹಾಳಾಗುತ್ತದೆ, ಎರಡನೆಯದರಿಂದ ಖರ್ಚು ಹೆಚ್ಚುತ್ತದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ಎರಡನೆಯದೇ ವಾಸಿ.

ಕರ್ನಾಟಕದೊಳಗೇ ಮನೆ ಬದಲಾಯಿಸಿದರೂ ನೀರಿನ ಗುಣ ಅಜಗಜಾಂತರವಾಗಬಹುದು. ಮಂಗಳೂರು ನಗರಕ್ಕೆ ತುಂಬೆಯ ಕಿಂಡಿ ಅಣೆಕಟ್ಟಿನಿಂದ ಬರುವ ನೇತ್ರಾವತಿ ನೀರು ತೀರ ಮೆದು. ಘಟ್ಟದ ಮಳೆ ಕಲ್ಲುಬಂಡೆಗಳ ಮೇಲೆ ಹರಿದು ಬೇಗ ನದಿ ಸೇರುವುದರಿಂದ ಅದರಲ್ಲಿ ಲವಣ ಕರಗಲು ಪುರಸೊತ್ತೇ ಸಿಗುವುದಿಲ್ಲ. ಬೆಂಗಳೂರಿನ ಕಾವೇರಿ ನೀರು ಅದಕ್ಕಿಂತ ಗಡಸಾದರೂ ಸಾಧಾರಣ ಮಟ್ಟದ್ದು. ಅದೇ ಬೆಂಗಳೂರಿನ ಹೊರವಲಯದಲ್ಲಿ ನೂರಾರು ಅಡಿ ಆಳದ ಬೋರ್‌ವೆಲ್‌ನಿಂದ ಎತ್ತಿದ ನೀರು ವರ್ಷಗಟ್ಟಲೆ ಕಲ್ಲಿನ ಬಿರುಕುಗಳಲ್ಲಿ ನಿಂತು ಕ್ಯಾಲ್ಸಿಯಂ, ಮೆಗ್ನೀಶಿಯಂಗಳನ್ನು ಹೀರಿಕೊಂಡಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಹೇಳುತ್ತದೆ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ಎಂದರೆ ಕುಡಿಯಲು ಅಡ್ಡಿಯಿಲ್ಲ ಎಂದು ಪ್ರಯೋಗಾಲಯ ಬರೆದುಕೊಟ್ಟ ನೀರೂ ಡಿಶ್‌ವಾಷರಿಗೆ ಬಹಳ ಗಡಸಾಗಿರಬಹುದು.

ಮಂಗಳೂರಿನ ಮನೆ ಬಿಟ್ಟು ಬೆಂಗಳೂರಿನ ಪೂರ್ವ ಅಂಚಿನ ಅಪಾರ್ಟ್‌ಮೆಂಟಿಗೆ ಬಂದ ನಾಲ್ಕು ಜನರ ಕುಟುಂಬವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಅವರ ಯಂತ್ರ ಬಾಷ್ ಅಥವಾ ಸೀಮೆನ್ಸ್ ಮಾದರಿಯದು, ಸೆಟ್ಟಿಂಗ್ H00ರಲ್ಲಿದೆ. ಅಂದರೆ ಸಾಫ್ಟನರ್ ಪುನಶ್ಚೇತನದ ಗೋಜಿಗೇ ಹೋಗುತ್ತಿಲ್ಲ, ಉಪ್ಪಿನ ದೀಪವೂ ಆರಿದೆ. ನೇತ್ರಾವತಿ ನೀರಿಗೆ ಅದು ಸರಿಯಾಗಿಯೇ ಇತ್ತು. ಹೊಸ ಮನೆಯಲ್ಲಿ ಬೋರ್ ನೀರೂ ಟ್ಯಾಂಕರ್ ನೀರೂ ಒಂದೇ ಸಂಪಿನಲ್ಲಿ ಬೆರೆತು ಮೇಲಿನ ಟ್ಯಾಂಕಿಗೆ ಏರುತ್ತವೆ. ಇಲ್ಲಿ ಮಾಡಬೇಕಾದ ಮೊದಲ ಕೆಲಸ ಸೆಟ್ಟಿಂಗ್ ಮುಟ್ಟುವುದಲ್ಲ, ನೀರು ಅಳೆಯುವುದು.

ಅಳೆಯುವ ವಿಷಯದಲ್ಲಿ ಒಂದು ತಪ್ಪು ಮನೆಮನೆಯಲ್ಲೂ ನಡೆಯುತ್ತದೆ. ಆರ್‌ಒ ಫಿಲ್ಟರ್ ಮಾರಲು ಬಂದವರು ಪೆನ್ನಿನಂಥ ಟಿಡಿಎಸ್ ಮೀಟರನ್ನು ಲೋಟದಲ್ಲಿ ಅದ್ದಿ ತೋರಿಸುವ ಅಂಕಿಯನ್ನೇ ಗಡಸುತನ ಎಂದುಕೊಳ್ಳುತ್ತಾರೆ. ಟಿಡಿಎಸ್ ಮೀಟರ್ ನೋಡುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಮಾತ್ರ. ಅದರಿಂದ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು ಸಿಗುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಸೋಡಿಯಂ ಎಷ್ಟು ಎಂದು ಅದು ಹೇಳಲಾರದು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿದ ಸಾಫ್ಟನರ್ ಘಟಕ ಇದ್ದರೆ ಈ ತಪ್ಪು ಇನ್ನೂ ದೊಡ್ಡದಾಗುತ್ತದೆ. ಘಟಕ ಕ್ಯಾಲ್ಸಿಯಂ ತೆಗೆದು ಅಷ್ಟೇ ಪಾಲಿನ ಸೋಡಿಯಂ ಸೇರಿಸುವುದರಿಂದ ಟಿಡಿಎಸ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಮೀಟರ್ 700 ತೋರಿಸುವ ನೀರಿನ ಗಡಸುತನ 60 ಇದ್ದರೂ ಆಶ್ಚರ್ಯವಿಲ್ಲ. ಆ 700ನ್ನು ನೋಡಿ ಸೆಟ್ಟಿಂಗನ್ನು ತುತ್ತತುದಿಗೆ ಏರಿಸಿದರೆ ಉಪ್ಪು ಸುಮ್ಮನೆ ಕರಗಿಹೋಗುತ್ತದೆ.

ಮನೆಯಲ್ಲಿ ಅಳೆಯಲು ಎರಡು ದಾರಿಗಳಿವೆ. ಮೊದಲನೆಯದು ಪರೀಕ್ಷಾ ಪಟ್ಟಿ. ಕೆಲವು ಯಂತ್ರಗಳ ಜೊತೆಗೇ ಒಂದು ಪಟ್ಟಿ ಬರುತ್ತದೆ. ಅದನ್ನು ಒಂದು ಕ್ಷಣ ನೀರಿನಲ್ಲಿ ಅದ್ದಿ, ಝಾಡಿಸಿ, ಒಂದು ನಿಮಿಷ ಬಿಟ್ಟರೆ ಮೇಲಿನ ಚೌಕಗಳು ಬಣ್ಣ ಬದಲಿಸುತ್ತವೆ. ಬದಲಾದ ಚೌಕಗಳನ್ನು ಎಣಿಸಿ ಪೊಟ್ಟಣದ ಮೇಲಿನ ಕೋಷ್ಟಕದೊಂದಿಗೆ ಹೋಲಿಸಿದರೆ ನೀರು ಮೆದುವೋ ಮಧ್ಯಮವೋ ಗಡಸೋ ಎಂಬುದು ತಿಳಿಯುತ್ತದೆ. ಆದರೆ ಪಟ್ಟಿಯ ಕೊನೆಯ ಚೌಕವೂ ಬಣ್ಣ ಬದಲಿಸಿದರೆ ‘ಇಷ್ಟಕ್ಕಿಂತ ಹೆಚ್ಚು’ ಎಂದಷ್ಟೇ ಗೊತ್ತಾಗುತ್ತದೆ, ಎಷ್ಟು ಹೆಚ್ಚು ಎಂದಲ್ಲ. ಬೋರ್ ನೀರಿನ ಮನೆಗಳಲ್ಲಿ ಬೇಕಾಗಿರುವುದು ಆ ಎಷ್ಟು ಎಂಬುದೇ.

ಅದಕ್ಕೆ ಹನಿ ಎಣಿಸುವ ಕಿಟ್ ಒಳ್ಳೆಯದು. ಅಕ್ವೇರಿಯಂ ಮೀನು ಮಾರುವ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಇದು ಸಿಗುತ್ತದೆ. ಪುಟ್ಟ ಗಾಜಿನ ನಳಿಗೆಯಲ್ಲಿ 5 ಮಿಲಿಲೀಟರ್ ನೀರು ಹಿಡಿದು, ಬಾಟಲಿಯ ದ್ರವವನ್ನು ಒಂದೊಂದೇ ಹನಿ ಬಿಟ್ಟು ಪ್ರತಿ ಹನಿಗೂ ಅಲುಗಾಡಿಸಬೇಕು. ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗಿದ ನೀರು ಒಂದು ಹನಿಯ ನಂತರ ಇದ್ದಕ್ಕಿದ್ದಂತೆ ಹಸಿರಾಗುತ್ತದೆ. ಅಲ್ಲಿಗೆ ಎಣಿಕೆ ನಿಲ್ಲಿಸಬೇಕು. ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಒಂದು ಹನಿಗೆ ಒಂದು ಜರ್ಮನ್ ಡಿಗ್ರಿ. ಒಂದು ಜರ್ಮನ್ ಡಿಗ್ರಿ ಎಂದರೆ ಲೀಟರಿಗೆ ಸುಮಾರು 17.8 ಮಿಲಿಗ್ರಾಂ. ಕೊಂಡ ಕಿಟ್ಟಿನ ಚೀಟಿಯಲ್ಲಿ ಬೇರೆ ಲೆಕ್ಕ ಇದ್ದರೆ ಅದನ್ನೇ ಹಿಡಿಯಬೇಕು.

ನೀರನ್ನು ಎಲ್ಲಿಂದ ಹಿಡಿಯುತ್ತೇವೆ ಎಂಬುದೂ ಮುಖ್ಯ. ಡಿಶ್‌ವಾಷರಿನ ಪೈಪು ಯಾವ ಲೈನಿಗೆ ಸೇರಿದೆಯೋ ಅದೇ ಲೈನಿನ ನಲ್ಲಿಯಿಂದ, ಒಂದು ನಿಮಿಷ ಹರಿಯಬಿಟ್ಟು ಹಿಡಿಯಬೇಕು. ಅಡುಗೆಮನೆಯ ಆರ್‌ಒ ನಲ್ಲಿಯ ನೀರನ್ನು ಅಳೆದರೆ ಅಂಕಿ ತೀರ ಕಡಿಮೆ ಬಂದು ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಅಡುಗೆಮನೆಗೆ ಕಾವೇರಿ ಲೈನು, ಬಚ್ಚಲಿಗೆ ಮತ್ತು ಯುಟಿಲಿಟಿಗೆ ಬೋರ್ ಲೈನು ಬೇರೆ ಬೇರೆ ಇರುತ್ತವೆ. ಯಂತ್ರ ಯುಟಿಲಿಟಿಯಲ್ಲಿದ್ದರೆ ಅದಕ್ಕೆ ಸಿಗುವುದು ಬೋರ್ ನೀರು. ಟ್ಯಾಂಕರ್ ಬರುವ ಜಾಗದಲ್ಲಿ ಒಂದು ದಿನದ ಅಳತೆ ಸಾಲದು. ಟ್ಯಾಂಕರ್ ನೀರು ಸಂಪಿಗೆ ಬಿದ್ದ ಮರುದಿನ ಒಮ್ಮೆ, ಬೋರ್ ನೀರು ಮಾತ್ರ ಇದ್ದಾಗ ಇನ್ನೊಮ್ಮೆ ಅಳೆದರೆ ಏರಿಳಿತ ಎಷ್ಟೆಂದು ಗೊತ್ತಾಗುತ್ತದೆ.

ಉದಾಹರಣೆಯ ಕುಟುಂಬಕ್ಕೆ ಒಂದು ದಿನ 19 ಹನಿ, ಇನ್ನೊಂದು ದಿನ 24 ಹನಿ ಬಂತು ಎಂದುಕೊಳ್ಳೋಣ. ಮೊದಲನೆಯದು ಲೀಟರಿಗೆ ಸುಮಾರು 340 ಮಿಲಿಗ್ರಾಂ, ಎರಡನೆಯದು ಸುಮಾರು 430. ಇವೆರಡರ ಸರಾಸರಿ ಹಿಡಿಯುವುದು ಸರಿಯಲ್ಲ. ಸರಾಸರಿಗೆ ಹೊಂದಿಸಿದರೆ ಹೆಚ್ಚು ಗಡಸು ನೀರು ಬಂದ ದಿನಗಳಲ್ಲಿ ಮಣಿಗಳು ಬೇಗ ತುಂಬಿ ಸುಣ್ಣ ಒಳಗೆ ನುಸುಳುತ್ತದೆ. ಮಾಮೂಲಾಗಿ ಬರುವ ಅಂಕಿಗಳಲ್ಲಿ ದೊಡ್ಡದಕ್ಕೆ, ಇಲ್ಲಿ 24 ಡಿಗ್ರಿಗೆ, ಸೆಟ್ಟಿಂಗ್ ಹೊಂದಿಸಬೇಕು.

ಪ್ರಯೋಗಾಲಯದ ವರದಿ ಅಥವಾ ಅಪಾರ್ಟ್‌ಮೆಂಟ್ ಸಂಘ ಮಾಡಿಸಿದ ಪರೀಕ್ಷೆಯ ಪ್ರತಿ ಸಿಕ್ಕರೆ ಹನಿ ಎಣಿಸುವ ಕಷ್ಟವೂ ಇಲ್ಲ. ಅದರಲ್ಲಿ ‘ಒಟ್ಟು ಗಡಸುತನ’ ಎಂಬ ಸಾಲನ್ನು ನೋಡಬೇಕು. ಕ್ಯಾಲ್ಸಿಯಂ ಗಡಸುತನ ಎಂಬ ಇನ್ನೊಂದು ಸಾಲು ಪಕ್ಕದಲ್ಲೇ ಇರುವುದುಂಟು, ಅದು ಪೂರ್ತಿ ಲೆಕ್ಕವಲ್ಲ. ಭಾರತದ ವರದಿಗಳು ಮಿಲಿಗ್ರಾಂ ಅಥವಾ ಪಿಪಿಎಂನಲ್ಲಿ ಇರುತ್ತವೆ, ಎರಡೂ ಒಂದೇ. ಯಂತ್ರದ ಕೈಪಿಡಿ ಜರ್ಮನ್ ಡಿಗ್ರಿಯಲ್ಲೋ ಮಿಲಿಮೋಲ್‌ನಲ್ಲೋ ಇರುತ್ತದೆ. ಪಿಪಿಎಂ ಅನ್ನು 17.8ರಿಂದ ಭಾಗಿಸಿದರೆ ಡಿಗ್ರಿ, 100ರಿಂದ ಭಾಗಿಸಿದರೆ ಮಿಲಿಮೋಲ್. 430 ಪಿಪಿಎಂ ಎಂದರೆ 24 ಡಿಗ್ರಿ, ಅಥವಾ 4.3 ಮಿಲಿಮೋಲ್.

ಬಾಷ್ ಮತ್ತು ಸೀಮೆನ್ಸ್ ಯಂತ್ರಗಳಲ್ಲಿ H00ರಿಂದ H07ರವರೆಗೆ ಎಂಟು ಮಟ್ಟಗಳು ಸಾಮಾನ್ಯ. 6 ಡಿಗ್ರಿವರೆಗಿನ ಮೆದು ನೀರಿಗೆ H00. 7ರಿಂದ 12 ಡಿಗ್ರಿವರೆಗೆ ಎರಡೆರಡು ಡಿಗ್ರಿಗೆ ಒಂದೊಂದು ಮೆಟ್ಟಿಲಿನಂತೆ H01, H02, H03. 13ರಿಂದ 16 ಡಿಗ್ರಿಗೆ H04, 17ರಿಂದ 21ಕ್ಕೆ H05, 22ರಿಂದ 30ಕ್ಕೆ H06, 31ರಿಂದ 50ಕ್ಕೆ H07. ಉದಾಹರಣೆಯ ಮನೆಗೆ ಬೇಕಾದದ್ದು H06. ಬೇರೆ ಕಂಪನಿಗಳ ಯಂತ್ರಗಳಲ್ಲಿ ಮಟ್ಟಗಳು ಐದೋ ಆರೋ ಇರಬಹುದು, ಅಂಕಿಯ ಬದಲು ದೀಪಗಳು ಮಿನುಗಬಹುದು, ಒಂದು ಕಂಪನಿಯ 4 ಇನ್ನೊಂದರ 4 ಆಗಿರುವುದಿಲ್ಲ. ಹೊಂದಿಸುವ ಮೊದಲು ಆಯಾ ಮಾದರಿಯ ಕೈಪಿಡಿಯಲ್ಲಿ ಡಿಗ್ರಿಯ ಸಾಲು ನೋಡಲೇಬೇಕು. ಕೈಪಿಡಿ ಕಳೆದುಹೋಗಿದ್ದರೆ ಬಾಗಿಲಿನ ಅಂಚಿನ ಚೀಟಿಯಲ್ಲಿರುವ ಮಾದರಿ ಸಂಖ್ಯೆಯಿಂದ ಕಂಪನಿಯ ಜಾಲತಾಣದಲ್ಲಿ ಹುಡುಕಬಹುದು.

ಬಾಷ್‌ನ ಇತ್ತೀಚಿನ ಹಲವು ಮಾದರಿಗಳಲ್ಲಿ ವಿಧಾನ ಹೀಗಿದೆ. ಯಂತ್ರವನ್ನು ಆನ್ ಮಾಡಿ, ‘3 sec’ ಎಂದು ಬರೆದಿರುವ ಸೆಟ್ಟಿಂಗ್ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿಯಬೇಕು. ಪರದೆಯಲ್ಲಿ H:04ರಂಥ ಅಂಕಿ ಕಾಣುವವರೆಗೆ ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಕು. ಹೊಸ ಯಂತ್ರದಲ್ಲಿ ಕಾರ್ಖಾನೆಯಿಂದಲೇ 04 ಇರುವುದು ವಾಡಿಕೆ. ಬಳಿಕ ಪ್ರೋಗ್ರಾಂ ಬದಲಿಸುವ ಗುಂಡಿಯಿಂದ ಅಂಕಿಯನ್ನು 06ಕ್ಕೆ ತರಬೇಕು. ಕೊನೆಗೆ ಸೆಟ್ಟಿಂಗ್ ಗುಂಡಿಯನ್ನು ಮತ್ತೆ ಮೂರು ಸೆಕೆಂಡು ಹಿಡಿದರೆ ಅದು ಉಳಿದುಕೊಳ್ಳುತ್ತದೆ. ಹಿಡಿಯದೆ ಸುಮ್ಮನೆ ಆಫ್ ಮಾಡಿದರೆ ಹಳೆಯ ಅಂಕಿಯೇ ಉಳಿಯುವುದುಂಟು. ಆದ್ದರಿಂದ ಒಮ್ಮೆ ಆಫ್ ಮಾಡಿ, ಮತ್ತೆ ಆನ್ ಮಾಡಿ, ಅದೇ ಜಾಗಕ್ಕೆ ಹೋಗಿ 06 ಇದೆಯೇ ಎಂದು ನೋಡುವುದು ಒಳ್ಳೆಯದು.

ಇನ್ನು ಉಪ್ಪು. ಮಂಗಳೂರಿನಲ್ಲಿ ಬೇಕಾಗದೆ ಖಾಲಿ ಬಿದ್ದಿದ್ದ ತೊಟ್ಟಿ ಇದು. ಮೊದಲ ಬಾರಿ ತುಂಬುವಾಗ ಮಾತ್ರ ಸುಮಾರು ಒಂದು ಲೀಟರ್ ನೀರನ್ನು ಮೊದಲು ಹಾಕಿ, ಅದರ ಮೇಲೆ ಉಪ್ಪು ಸುರಿಯಬೇಕು. ನೀರಿಲ್ಲದಿದ್ದರೆ ಉಪ್ಪು ಕರಗಿ ಗಾಢ ದ್ರಾವಣವಾಗುವುದೇ ಇಲ್ಲ. ಮುಂದಿನ ಸಲಗಳಲ್ಲಿ ನೀರು ತಾನೇ ಒಳಗಿರುತ್ತದೆ, ಬರೀ ಉಪ್ಪು ಸಾಕು. ತೊಟ್ಟಿಯಲ್ಲಿ ಮಾದರಿಗೆ ತಕ್ಕಂತೆ ಒಂದು ಕಿಲೋದಿಂದ ಒಂದೂವರೆ ಕಿಲೋ ಹಿಡಿಯುತ್ತದೆ. ಉಪ್ಪು ಬೀಳುತ್ತಿದ್ದಂತೆ ನೀರು ಮೇಲೇರಿ ಕಂಠದಿಂದ ಹೊರಗೆ ಚೆಲ್ಲುತ್ತದೆ. ಗಾಬರಿಯಾಗಬೇಕಿಲ್ಲ, ಆದರೆ ಆ ಉಪ್ಪುನೀರು ಸ್ಟೀಲ್ ತಳದ ಮೇಲೆ ರಾತ್ರಿಯಿಡೀ ನಿಲ್ಲಕೂಡದು. ಸ್ಟೀಲಿಗೂ ಉಪ್ಪಿನಿಂದ ತುಕ್ಕಿನ ಚುಕ್ಕೆಗಳು ಬೀಳುತ್ತವೆ. ತೊಟ್ಟಿಯ ಅಂಚಿನ ಕಾಳುಗಳನ್ನು ಒರೆಸಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ತಕ್ಷಣ ಒಂದು ತೊಳೆತ ಓಡಿಸಬೇಕು. ಈ ಕಾರಣಕ್ಕೇ ಉಪ್ಪು ತುಂಬಲು ಸರಿಯಾದ ಹೊತ್ತು ಪಾತ್ರೆ ತೊಳೆಯಲು ಹಾಕುವ ಮುಂಚಿನದು, ತೊಳೆದಾದ ಮೇಲಿನದಲ್ಲ.

ಯಾವ ಉಪ್ಪು ಎಂಬ ಪ್ರಶ್ನೆ ಅಂಗಡಿಯ ಬೆಲೆ ನೋಡಿದವರಿಗೆಲ್ಲ ಬರುತ್ತದೆ. ಡಿಶ್‌ವಾಷರ್ ಉಪ್ಪೂ ಅಡುಗೆ ಉಪ್ಪಿನಂತೆ ಸೋಡಿಯಂ ಕ್ಲೋರೈಡೇ. ವ್ಯತ್ಯಾಸ ಇರುವುದು ಕಾಳಿನಲ್ಲಿ ಮತ್ತು ಶುದ್ಧತೆಯಲ್ಲಿ. ಪುಡಿ ಉಪ್ಪು ತೊಟ್ಟಿಯ ತಳದಲ್ಲಿ ಒತ್ತಾಗಿ ಕೂತು ಕಲ್ಲಿನಂತೆ ಹೆಪ್ಪುಗಟ್ಟಿ ನೀರಿನ ದಾರಿಯನ್ನು ಮುಚ್ಚುತ್ತದೆ, ಉದುರುದುರಾಗಿರಲೆಂದು ಅದಕ್ಕೆ ಬೆರೆಸಿದ ವಸ್ತುಗಳೂ ಕರಗದೆ ಉಳಿಯುತ್ತವೆ. ಅಯೋಡಿನ್ನಿನ ಪ್ರಮಾಣ ತೀರ ಅತ್ಯಲ್ಪ, ತೊಂದರೆಯ ಮೂಲ ಅದಲ್ಲ. ಸಂತೆಯ ಕಲ್ಲುಪ್ಪು ಕಾಳಿನ ವಿಷಯದಲ್ಲಿ ಸರಿಯೆನಿಸಿದರೂ ಅದರಲ್ಲಿ ಮಣ್ಣು, ಮರಳು ಮತ್ತು ಮೆಗ್ನೀಶಿಯಂ ಇರುತ್ತವೆ. ಯಾವುದನ್ನು ತೆಗೆಯಬೇಕೋ ಅದನ್ನೇ ಕೈಯಾರೆ ಒಳಗೆ ಹಾಕಿದಂತಾಗುತ್ತದೆ. ಇದಕ್ಕಿಂತ ದೊಡ್ಡ ಅನಾಹುತ ಎಂದರೆ ಉಪ್ಪಿನ ತೊಟ್ಟಿಗೆ ತೊಳೆಯುವ ಪುಡಿ ಸುರಿಯುವುದು. ಪೊಟ್ಟಣಗಳು ನೋಡಲು ಒಂದೇ ಥರ ಇರುವುದರಿಂದ ಹೊಸ ಮನೆಯ ಗಡಿಬಿಡಿಯಲ್ಲಿ ಇದು ನಡೆಯುವುದುಂಟು. ಪುಡಿ ಬಿದ್ದರೆ ಸಾಫ್ಟನರ್ ಹಾಳಾಗುತ್ತದೆ. ಯಂತ್ರ ಓಡಿಸದೆ ಮೆಕ್ಯಾನಿಕ್ ಕರೆಸುವುದೊಂದೇ ದಾರಿ.

ತುಂಬಿದ ಕೂಡಲೇ ಉಪ್ಪಿನ ದೀಪ ಆರದಿದ್ದರೆ ಅದು ದೋಷವಲ್ಲ. ಉಪ್ಪು ಕರಗಿ ದ್ರಾವಣ ಸಾಕಷ್ಟು ಗಾಢವಾದ ಮೇಲೆಯೇ ದೀಪ ಆರುತ್ತದೆ. ಅದಕ್ಕೆ ಕೆಲವು ತೊಳೆತಗಳು ಹಿಡಿಯಬಹುದು.

ಇನ್ನು ಮುಂದೆ ಉಪ್ಪು ಎಷ್ಟು ಬೇಗ ಮುಗಿಯುತ್ತದೆ ಎಂಬುದನ್ನು ಸರಳ ಲೆಕ್ಕದಿಂದ ಅಂದಾಜಿಸಬಹುದು. ಒಂದು ತೊಳೆತಕ್ಕೆ 10 ಲೀಟರ್ ನೀರು ಎಂದಿಟ್ಟುಕೊಂಡರೆ, 24 ಡಿಗ್ರಿ ನೀರಿನಲ್ಲಿ ಬರುವ ಗಡಸು ಲವಣ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ನಾಲ್ಕು ಗ್ರಾಂಗಿಂತ ಸ್ವಲ್ಪ ಹೆಚ್ಚು. ಅದನ್ನು ಮಣಿಗಳಿಂದ ಬಿಡಿಸಲು ರಾಸಾಯನಿಕ ಲೆಕ್ಕದ ಪ್ರಕಾರವೇ ಸುಮಾರು 5 ಗ್ರಾಂ ಉಪ್ಪು ಬೇಕು. ಉಪ್ಪುನೀರು ಹರಿದುಹೋಗುವಾಗ ಬಹುಪಾಲು ಕೆಲಸಕ್ಕೆ ಬಾರದೆ ಸಾಗುವುದರಿಂದ ನಿಜವಾದ ಖರ್ಚು ಇದರ ಹಲವು ಪಟ್ಟು. 3 ಡಿಗ್ರಿಯ ನೀರಾಗಿದ್ದರೆ ಹೊರೆ ಇದರ ಎಂಟನೇ ಒಂದು ಪಾಲು ಮಾತ್ರ. ಗಡಸು ನೀರಿನ ಮನೆಯಲ್ಲಿ ದಿನಕ್ಕೊಮ್ಮೆ ಯಂತ್ರ ಓಡಿಸುವವರ ಕಿಲೋ ಉಪ್ಪು ಬೇಗ ಖಾಲಿಯಾದರೆ ಅದು ಸಹಜ. ತಿಂಗಳುಗಟ್ಟಲೆ ಇಳಿಯದೇ ಇದ್ದರೆ ಅನುಮಾನ ಪಡಬೇಕು. ಒಂದೋ ಸೆಟ್ಟಿಂಗ್ ಉಳಿದಿಲ್ಲ, ಇಲ್ಲವೇ ತೊಟ್ಟಿಯ ಉಪ್ಪು ಹೆಪ್ಪುಗಟ್ಟಿದೆ.

ಎಲ್ಲವೂ ಒಂದರಲ್ಲೇ ಇದೆ ಎಂದು ಮಾರುವ ಮಾತ್ರೆಗಳಿಂದ ಉಪ್ಪಿನ ಗೊಡವೆ ತಪ್ಪುತ್ತದೆಯೇ ಎಂಬುದಕ್ಕೆ ಉತ್ತರ ನೀರಿನಲ್ಲಿದೆ. ಅವುಗಳಲ್ಲಿರುವ ರಾಸಾಯನಿಕಗಳು ಕ್ಯಾಲ್ಸಿಯಂ ಪಾತ್ರೆಗೆ ಅಂಟದಂತೆ ತಡೆಯುತ್ತವೆ, ಆದರೆ ಒಂದು ಮಿತಿಯವರೆಗೆ. ಬಾಷ್ ಕೈಪಿಡಿಗಳು ಆ ಮಿತಿಯನ್ನು 21 ಡಿಗ್ರಿ ಎನ್ನುತ್ತವೆ. ಅದರಾಚೆ ಮಾತ್ರೆಯ ಜೊತೆಗೆ ಉಪ್ಪೂ ರಿನ್ಸ್ ಏಡೂ ಬೇರೆಯಾಗಿ ಬೇಕು. 24 ಡಿಗ್ರಿಯ ಮನೆಯಲ್ಲಿ ಬರೀ ಮಾತ್ರೆ ನಂಬಿದರೆ ಪಾತ್ರೆಗಿಂತ ಮೊದಲು ಹೀಟರಿನ ಮೇಲೆ, ನೀರು ಚಿಮ್ಮುವ ತೋಳುಗಳ ರಂಧ್ರಗಳಲ್ಲಿ ಸುಣ್ಣ ಕೂರುತ್ತದೆ. ಕಾಯಿಸಿದಾಗ ನೀರಿನ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಕೆಳಗಿಳಿಯುತ್ತದೆ. ಬೋರ್ ನೀರು ಕಾಯಿಸುವ ಗೀಸರಿನಲ್ಲಿ ಆಗುವುದೂ ಇದೇ.

ಸೆಟ್ಟಿಂಗ್ ಬದಲಿಸಿದ ಮರುದಿನವೇ ಲೋಟ ಹೊಳೆಯುವುದಿಲ್ಲ. ತುಂಬಿಹೋದ ಮಣಿಗಳು ಸರಿಯಾಗಲು ಒಂದಾದರೂ ಪುನಶ್ಚೇತನ ನಡೆಯಬೇಕು. ನಾಲ್ಕೈದು ತೊಳೆತಗಳ ಬಳಿಕ ಪರೀಕ್ಷಿಸುವ ಒಂದು ನೇರ ದಾರಿ ಇದೆ. ಖಾಲಿ ಯಂತ್ರದಲ್ಲಿ ಪುಡಿ ಹಾಕದೆ ಪ್ರೀ-ರಿನ್ಸ್ ಪ್ರೋಗ್ರಾಂ ಶುರು ಮಾಡಿ, ನೀರು ತುಂಬಿ ಒಂದೆರಡು ನಿಮಿಷ ಓಡಿದ ಮೇಲೆ ಬಾಗಿಲನ್ನು ನಿಧಾನವಾಗಿ ತೆರೆದು, ಫಿಲ್ಟರಿನ ಬಳಿ ನಿಂತ ನೀರನ್ನು ಚಮಚದಿಂದ ತೆಗೆದು ಹನಿ ಪರೀಕ್ಷೆ ಮಾಡುವುದು. ನಲ್ಲಿಯಲ್ಲಿ 24 ಹನಿ ಕೇಳಿದ ನೀರು ಇಲ್ಲಿ ಕೆಲವೇ ಹನಿಗಳಲ್ಲಿ ಹಸಿರಾಗಬೇಕು. ಆಗಲೂ 20ರ ಆಸುಪಾಸು ಬಂದರೆ ಸಾಫ್ಟನರ್ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಉಪ್ಪೂ ಸೆಟ್ಟಿಂಗೂ ಸರಿಯಿದ್ದರೆ ಅಲ್ಲಿಂದ ಮುಂದಿನದು ಮೆಕ್ಯಾನಿಕ್ಕಿನ ಕೆಲಸ.

ಲೋಟದ ಮೇಲಿನ ಬಿಳುಪೆಲ್ಲ ಸುಣ್ಣವೇ ಅಲ್ಲ. ಮಸುಕಾದ ಲೋಟವೊಂದನ್ನು ವಿನೆಗರಿನಲ್ಲೋ ನಿಂಬೆರಸದಲ್ಲೋ ಹತ್ತು ನಿಮಿಷ ನೆನೆಸಿ ತೊಳೆದರೆ ಭೇದ ತಿಳಿಯುತ್ತದೆ. ನೆನೆದ ಭಾಗ ತಿಳಿಯಾದರೆ ಅದು ಸುಣ್ಣ, ಸೆಟ್ಟಿಂಗ್ ಇನ್ನೂ ಕಡಿಮೆ ಇದೆ ಅಥವಾ ಉಪ್ಪಿಲ್ಲ. ಹಾಗೇ ಉಳಿದರೆ, ಬೆಳಕಿಗೆ ಹಿಡಿದಾಗ ಮಂಜುಗಟ್ಟಿದಂತೆಯೋ ನವಿರಾದ ಗೀರುಗಳಂತೆಯೋ ಕಂಡರೆ, ಅದು ಗಾಜೇ ಸವೆದದ್ದು. ಅತಿ ಮೆದು ನೀರು, ಹೆಚ್ಚು ಬಿಸಿ, ಹೆಚ್ಚು ಪುಡಿ ಸೇರಿದಾಗ ಹೀಗಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಮಂಗಳೂರಿನಲ್ಲೇ ಶುರುವಾದ ಸವೆತವನ್ನು ಬೆಂಗಳೂರಿನ ಸುಣ್ಣವೆಂದು ತಿಳಿದು ಸೆಟ್ಟಿಂಗ್ ಇನ್ನಷ್ಟು ಏರಿಸಿದರೆ ಪ್ರಯೋಜನವಿಲ್ಲ. ಮೂರನೆಯ ಬಗೆಯ ಬಿಳುಪು ಬರೀ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ನಾಲಿಗೆಗೆ ಉಪ್ಪುಪ್ಪಾಗಿರುತ್ತದೆ. ಅದು ತೊಟ್ಟಿಯ ಮುಚ್ಚಳ ಸಡಿಲವಾಗಿ ಉಪ್ಪುನೀರು ಸೋರಿದ್ದರ ಗುರುತು. ಮುಚ್ಚಳದ ಎಳೆಗಳ ನಡುವೆ ಸಿಕ್ಕ ಒಂದು ಕಾಳೂ ಇದಕ್ಕೆ ಸಾಕು.

ಸೆಟ್ಟಿಂಗ್ ಸರಿಮಾಡುವ ಮೊದಲೇ ಒಳಗೆ ಕೂತಿರುವ ಸುಣ್ಣವನ್ನು ಸಾಫ್ಟನರ್ ತೆಗೆಯಲಾರದು. ಅದಕ್ಕೆ ಅಂಗಡಿಯಲ್ಲಿ ಸಿಗುವ ಡಿಶ್‌ವಾಷರ್ ಕ್ಲೀನರ್ ಹಾಕಿ, ಪಾತ್ರೆಯಿಲ್ಲದೆ, ಅದರ ಮೇಲೆ ಬರೆದಂತೆ ಬಿಸಿ ನೀರಿನ ಪ್ರೋಗ್ರಾಂ ಓಡಿಸಬೇಕು. ರಿನ್ಸ್ ಏಡಿನ ಪ್ರಮಾಣವನ್ನು ಹೊಂದಿಸುವುದು ಇದಾದ ಮೇಲಿನ ಕೆಲಸ. ಲೋಟದ ಮೇಲೆ ನೀರಿನ ಹನಿಯ ಗುರುತು ಉಳಿದರೆ ಒಂದು ಮೆಟ್ಟಿಲು ಹೆಚ್ಚಿಸಬೇಕು, ನೀಲಿ ಛಾಯೆಯ ಗೆರೆಗಳು ಬಂದರೆ ಕಡಿಮೆ ಮಾಡಬೇಕು. ಗಡಸುತನ ಸರಿಯಾಗುವ ಮುನ್ನ ರಿನ್ಸ್ ಏಡ್ ಏರಿಸುತ್ತ ಹೋದರೆ ಯಾವುದರಿಂದ ಏನಾಯಿತೆಂದೇ ತಿಳಿಯುವುದಿಲ್ಲ.

ವಲಸೆ ತಿರುಗುಮುರುಗಾಗಿದ್ದರೆ, ಗಡಸಿನಿಂದ ಮೆದುವಿನ ಕಡೆಗೆ, ಕೆಲಸ ಸುಲಭ. ಕೆಲವು ಕಡೆ ಮನೆ ಬದಲಾಗದೆಯೇ ನೀರು ಬದಲಾಗಿದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ ಬೆಂಗಳೂರಿನ ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೆ ನದಿ ನೀರು ತರುವ ಯೋಜನೆ. ಬೋರ್ ಬಿಟ್ಟು ಪೂರ್ತಿಯಾಗಿ ಕಾವೇರಿಗೆ ಹೊರಳಿದ ಮನೆಯಲ್ಲಿ H06 ಇಟ್ಟುಕೊಳ್ಳುವ ಅಗತ್ಯವಿಲ್ಲ. ಅಳೆದು ಇಳಿಸಬೇಕು. ಆದರೆ ಸಂಪಿನಲ್ಲಿ ಎರಡೂ ನೀರು ಬೆರೆಯುತ್ತಿದ್ದರೆ, ಬೇಸಿಗೆಯಲ್ಲಿ ಕಾವೇರಿ ಕಡಿಮೆಯಾಗಿ ಬೋರ್ ಪಾಲು ಹೆಚ್ಚುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದು, ಮಾರ್ಚಿನಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ಅಳೆಯುವುದು ಕ್ಷೇಮ. ಸೆಟ್ಟಿಂಗ್ H00ಕ್ಕೆ ಇಳಿಸಿದಾಗ ಉಪ್ಪಿನ ದೀಪ ಆರುತ್ತದೆ, ತೊಟ್ಟಿಯಲ್ಲಿ ಉಳಿದ ಉಪ್ಪನ್ನು ತೋಡಿ ತೆಗೆಯಬೇಕಾಗಿಲ್ಲ.

ಅಪಾರ್ಟ್‌ಮೆಂಟಿನ ಸಾಮೂಹಿಕ ಸಾಫ್ಟನರ್ ಇರುವಲ್ಲಿ ಅಳತೆ 4 ಡಿಗ್ರಿ ಬಂದು H00 ಸಾಕೆನಿಸಬಹುದು. ಅಂಥ ಘಟಕಕ್ಕೂ ಸಿಬ್ಬಂದಿ ಹೊತ್ತಿಗೆ ಸರಿಯಾಗಿ ಉಪ್ಪು ಹಾಕಬೇಕು. ಹಾಕದ ವಾರ ಬೋರ್ ನೀರು ಇದ್ದ ಹಾಗೆಯೇ ನಲ್ಲಿಗೆ ಬರುತ್ತದೆ. ಎರಡು ಮೂರು ಬಾರಿ ಅಳೆದಾಗ ಅಂಕಿ ಏರಿಳಿದರೆ ಘಟಕವನ್ನು ನಂಬದೆ ಮಧ್ಯದ ಒಂದು ಮಟ್ಟ, H03 ಅಥವಾ H04, ಇಟ್ಟುಕೊಳ್ಳುವುದು ಜಾಣತನ.

ಯಂತ್ರದ ಸಾಫ್ಟನರಿಗೂ ಒಂದು ಗಡಿ ಇದೆ. H07 ತಲುಪುವುದು 50 ಡಿಗ್ರಿವರೆಗೆ, ಅಂದರೆ ಸುಮಾರು 890 ಪಿಪಿಎಂ. ಕೆಲವು ಬೋರ್‌ವೆಲ್‌ಗಳ ನೀರು ಇದನ್ನೂ ಮೀರುತ್ತದೆ. ಅಲ್ಲಿ ಸೆಟ್ಟಿಂಗಿನಿಂದ ಏನೂ ಆಗದು. ಮನೆಯ ನೀರಿನ ಲೈನಿಗೇ ಪ್ರತ್ಯೇಕ ಸಾಫ್ಟನರ್ ಹಾಕಿಸಿ, ಅದರಿಂದ ಹೊರಬರುವ ನೀರನ್ನು ಅಳೆದು, ಆ ಅಂಕಿಗೆ ಯಂತ್ರವನ್ನು ಹೊಂದಿಸಬೇಕು. ನಲ್ಲಿಗೆ ಕಟ್ಟುವ, ಸುಣ್ಣ ತಡೆಯುತ್ತದೆಂದು ಮಾರುವ ಪುಟ್ಟ ಫಿಲ್ಟರುಗಳಲ್ಲಿ ರೆಸಿನ್ ಇಲ್ಲದಿದ್ದರೆ ಅವು ಗಡಸುತನವನ್ನು ತೆಗೆಯುವುದಿಲ್ಲ. ಹಾಕುವ ಮೊದಲು ಮತ್ತು ಹಾಕಿದ ಮೇಲೆ ಹನಿ ಎಣಿಸಿದರೆ ಇದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಬೋರ್ ನೀರಿನಲ್ಲಿ ಕಬ್ಬಿಣ ಹೆಚ್ಚಿದ್ದರೆ ಪಾತ್ರೆಗಳ ಮೇಲೆ ಕೆಂಗಂದು ಕಲೆ ಬೀಳುತ್ತದೆ, ರೆಸಿನ್ ಮಣಿಗಳೂ ಅದರಿಂದ ಕಟ್ಟಿಕೊಳ್ಳುತ್ತವೆ. ಉಪ್ಪು ಎಷ್ಟು ಹಾಕಿದರೂ ಅದು ಹೋಗುವುದಿಲ್ಲ, ಕಬ್ಬಿಣ ತೆಗೆಯುವ ಫಿಲ್ಟರ್ ಸಾಫ್ಟನರಿಗಿಂತ ಮೊದಲು ಬರಬೇಕು. ಟ್ಯಾಂಕರ್ ನೀರಿನ ಮಣ್ಣು ಸಿಕ್ಕಿಕೊಳ್ಳುವುದು ಯಂತ್ರದ ಒಳಪೈಪು ನಲ್ಲಿಗೆ ಸೇರುವಲ್ಲಿರುವ ಪುಟ್ಟ ಜಾಲರಿಯಲ್ಲಿ. ನಲ್ಲಿ ಮುಚ್ಚಿ, ಪೈಪು ಬಿಚ್ಚಿ, ಆ ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಆಗಾಗ ಉಜ್ಜಿ ತೊಳೆದರೆ ನೀರು ನಿಧಾನವಾಗಿ ತುಂಬುವ ತೊಂದರೆ ತಪ್ಪುತ್ತದೆ.